ಓದಿಗೂ ಸಂಸಾರಕ್ಕೂ ನಡುವೆ: ಇಪ್ಪತ್ತರ ಹರೆಯದ ಹೊಸ ಹಂತ

ಹದಿನೆಂಟು ತುಂಬಿದವರು ಭಾರತದಲ್ಲಿ ಕಾನೂನಿನ ಕಣ್ಣಿಗೆ ವಯಸ್ಕರು. 1989ರಿಂದ ಅವರಿಗೆ ಮತದ ಹಕ್ಕೂ ಇದೆ. ಆದರೆ ಇಂದು 24ರ ಯುವಕನನ್ನೋ ಯುವತಿಯನ್ನೋ ಮನೆಯವರು ಪೂರ್ತಿ ದೊಡ್ಡವರೆಂದು ಎಣಿಸುವುದು ಕಡಿಮೆ. ಅವರ ಓದು ಒಂದಲ್ಲ ಒಂದು ರೂಪದಲ್ಲಿ ಮುಂದುವರಿದಿರುತ್ತದೆ. ಕೆಲಸ ಸಿಕ್ಕಿದ್ದರೂ ಅದು ನೆಲೆಯಾದ ಕೆಲಸ ಆಗಿರುವುದಿಲ್ಲ. ಮದುವೆಯ ಮಾತು ಎದ್ದಾಗಲೆಲ್ಲ ‘ಮೊದಲು ಸೆಟ್ಲ್ ಆಗಲಿ’ ಎಂಬಲ್ಲಿಗೆ ಮುಗಿಯುತ್ತದೆ. ಹದಿಹರೆಯ ಮುಗಿದು ಸಂಸಾರ ಶುರುವಾಗುವ ಮೊದಲು ಹೀಗೆ ತೆರೆದುಕೊಂಡಿರುವ ಏಳೆಂಟು ವರ್ಷಗಳನ್ನು ಬದುಕಿನ ಪ್ರತ್ಯೇಕ ಹಂತವೆಂದೇ ಗುರುತಿಸಬೇಕು ಎಂಬ ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಜೆನ್ಸನ್ ಆರ್ನೆಟ್ 2000ದಲ್ಲಿ ಮುಂದಿಟ್ಟರು. ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯ ಲೇಖನವೊಂದರಲ್ಲಿ ಅವರು ಈ ಹಂತಕ್ಕೆ ‘ಎಮರ್ಜಿಂಗ್ ಅಡಲ್ಟ್‌ಹುಡ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದನ್ನು ಉದಯೋನ್ಮುಖ ವಯಸ್ಕತನ ಎನ್ನಬಹುದು. ಆರಂಭದಲ್ಲಿ ಅವರು ಹೇಳಿದ ವಯಸ್ಸು 18ರಿಂದ 25. ಮುಂದೆ ಅದನ್ನು 29ರವರೆಗೂ ಹಿಗ್ಗಿಸಿದರು.

ಹರೆಯವನ್ನು ಉದ್ದವಾಗಿ ಕಂಡವರು ಆರ್ನೆಟ್‌ಗಿಂತ ಮೊದಲೂ ಇದ್ದರು. ಜಿ. ಸ್ಟಾನ್ಲಿ ಹಾಲ್ 1904ರಲ್ಲಿ ಹದಿಹರೆಯದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಅದನ್ನು 14ರಿಂದ 24ರವರೆಗೆ ಹರಡಿದ್ದರು. ಕೈಗಾರಿಕಾ ಸಮಾಜಗಳು ತಮ್ಮ ಯುವಜನರಿಗೆ ಹೊಣೆ ಹೊರಿಸುವ ಮೊದಲು ಒಂದಿಷ್ಟು ಬಿಡುವು ಕೊಡುತ್ತವೆ, ಆ ಬಿಡುವಿನಲ್ಲಿ ಅವರು ಬೇರೆ ಬೇರೆ ಪಾತ್ರಗಳನ್ನು ಪ್ರಯತ್ನಿಸಿ ನೋಡುತ್ತಾರೆ ಎಂದು ಎರಿಕ್ ಎರಿಕ್ಸನ್ ಇಪ್ಪತ್ತನೆಯ ಶತಮಾನದ ನಡುವಿನಲ್ಲೇ ಬರೆದಿದ್ದರು. ಆರ್ನೆಟ್ ಹೊಸದಾಗಿ ಹೇಳಿದ್ದೆಂದರೆ, ಒಮ್ಮೆ ಕೆಲವರಿಗಷ್ಟೇ ದಕ್ಕುತ್ತಿದ್ದ ಆ ಬಿಡುವು ಈಗ ಬಹುಪಾಲು ಜನರ ಅನುಭವವಾಗಿದೆ ಎಂಬುದನ್ನು. ಇದಕ್ಕೆ ಅವರ ಮೊದಲ ಸಾಕ್ಷಿ ಮದುವೆಯ ವಯಸ್ಸು. 1970ರಲ್ಲಿ ಅಮೆರಿಕದ ಹೆಣ್ಣುಮಕ್ಕಳ ಮೊದಲ ಮದುವೆಯ ಮಧ್ಯಮ ವಯಸ್ಸು ಸುಮಾರು 21, ಗಂಡಸರದು 23. 2000ದ ಹೊತ್ತಿಗೆ ಅದು 25 ಮತ್ತು 27 ಆಗಿತ್ತು. ಈಗ 28 ಮತ್ತು 30ನ್ನೂ ದಾಟಿದೆ. ಒಂದೇ ತಲೆಮಾರಿನಲ್ಲಿ ಇಷ್ಟು ಜಾಗ ತೆರೆದುಕೊಂಡರೆ ಅದು ಖಾಲಿಯಾಗಿ ಉಳಿಯುವುದಿಲ್ಲ, ಅದಕ್ಕೆ ತನ್ನದೇ ಒಂದು ಸ್ವಭಾವ ಬರುತ್ತದೆ ಎಂಬುದು ಅವರ ತರ್ಕ.

ಹಲವು ನಗರಗಳ ಯುವಜನರನ್ನು ಸಂದರ್ಶಿಸಿ ಆರ್ನೆಟ್ ಈ ಸ್ವಭಾವದ ಐದು ಗುರುತುಗಳನ್ನು ಪಟ್ಟಿ ಮಾಡಿದರು. ಪ್ರೀತಿ, ಕೆಲಸ, ನಂಬಿಕೆಗಳಲ್ಲಿ ತಾನು ಯಾರೆಂದು ಹುಡುಕಿಕೊಳ್ಳುವುದು; ಊರು, ಮನೆ, ಕೆಲಸ, ಸಂಗಾತಿ ಮೇಲಿಂದ ಮೇಲೆ ಬದಲಾಗುವ ಅಸ್ಥಿರತೆ; ಬೇರೆಯವರ ಹೊಣೆ ಕಡಿಮೆಯಿದ್ದು ತನ್ನ ಕಡೆಗೇ ಗಮನ ಹರಿಯುವುದು; ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬ ನಡುವಿನ ಭಾವ; ಮುಂದೆ ಏನು ಬೇಕಾದರೂ ಆಗಬಹುದು ಎಂಬ ಆಸೆ. ಇವುಗಳಲ್ಲಿ ನಾಲ್ಕನೆಯದನ್ನು ಅಳೆಯಲು ಅವರು ಬಹಳ ಸರಳವಾದ ಒಂದು ಪ್ರಶ್ನೆಯನ್ನು ಬಳಸಿದರು: ‘ನೀವು ವಯಸ್ಕರಾಗಿದ್ದೀರಿ ಅನ್ನಿಸುತ್ತದೆಯೇ?’ 18ರಿಂದ 25ರ ಅಮೆರಿಕನ್ನರಲ್ಲಿ ಹೆಚ್ಚಿನವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೆಲವು ವಿಷಯಗಳಲ್ಲಿ ಹೌದು, ಕೆಲವು ವಿಷಯಗಳಲ್ಲಿ ಇಲ್ಲ ಎಂದರು. ವಯಸ್ಕರಾಗುವುದೆಂದರೆ ಏನು ಎಂದು ಕೇಳಿದಾಗ ಮದುವೆ, ಮಕ್ಕಳು, ಮನೆ ಯಾವುವೂ ಅವರ ಪಟ್ಟಿಯ ಮೇಲುಗಡೆ ಬರಲಿಲ್ಲ. ತನ್ನ ಹೊಣೆ ತಾನು ಹೊರುವುದು, ತನ್ನ ನಿರ್ಧಾರ ತಾನು ಮಾಡುವುದು, ತನ್ನ ಖರ್ಚು ತಾನು ನೋಡಿಕೊಳ್ಳುವುದು, ಈ ಮೂರು ಮೊದಲು ಬಂದವು.

ಈ ಮೂರರಲ್ಲೂ ‘ತಾನು’ ಇರುವುದನ್ನು ಗಮನಿಸಬೇಕು. ಇದೇ ಪ್ರಶ್ನೆಗಳನ್ನು ತಮಿಳುನಾಡಿನ ಕೊಯಮತ್ತೂರಿನಲ್ಲಿ ಕಾಲೇಜು ಓದುವವರಿಗೂ ಓದದವರಿಗೂ ಕೇಳಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚಿನವರು ತಾವು ಈಗಾಗಲೇ ವಯಸ್ಕರು ಎಂದೇ ಉತ್ತರಿಸಿದ್ದರು. ಮದುವೆಯಾಗದ, ಸಂಪಾದನೆಯಿಲ್ಲದ, ಅಪ್ಪ ಅಮ್ಮನ ಜೊತೆಯಲ್ಲೇ ಇರುವ ಹುಡುಗ ಹಾಗೆ ಹೇಳುವುದು ಅಮೆರಿಕದ ಓದುಗರಿಗೆ ವಿಚಿತ್ರವಾಗಿ ಕಂಡೀತು. ದಕ್ಷಿಣ ಭಾರತದ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಅಪ್ಪನಿಗೆ ಆಸ್ಪತ್ರೆಗೆ ಜೊತೆಯಾಗುವುದು, ತಂಗಿಯ ಫೀಸಿಗೆ ಓಡಾಡುವುದು, ಊರಿನ ಮದುವೆ ಸಾವುಗಳಲ್ಲಿ ಮನೆಯ ಪರವಾಗಿ ನಿಲ್ಲುವುದು ಇಲ್ಲಿ ದೊಡ್ಡವರಾಗುವ ದಾರಿ. ಬೇರೆಯಾಗಿ ಬದುಕುವುದು ಆ ದಾರಿಯ ಮೈಲಿಗಲ್ಲೇ ಅಲ್ಲ. ಹಾಗಾಗಿ ‘ನಡುವಿನ ಭಾವ’ ಎಂಬುದನ್ನು ಅಮೆರಿಕದ ಪ್ರಶ್ನಾವಳಿಯಿಂದ ಇಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಅದು ಇಲ್ಲವೆಂದು ಅರ್ಥವಲ್ಲ. ಅದು ಇರುವ ಜಾಗ ಬೇರೆ.

ಆರ್ನೆಟ್ ಅವರ ವಾದಕ್ಕೆ ಬಂದ ಗಟ್ಟಿಯಾದ ಆಕ್ಷೇಪ ಸಂಸ್ಕೃತಿಗಿಂತ ಹೆಚ್ಚಾಗಿ ವರ್ಗದ ಕಡೆಯಿಂದ ಬಂತು. ಬ್ರಿಟನ್ನಿನ ಜಾನ್ ಬಿನ್ನರ್ 2005ರಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದವರನ್ನು ಹುಟ್ಟಿನಿಂದ ಹಿಂಬಾಲಿಸಿದ ದೀರ್ಘ ಸಮೀಕ್ಷೆಗಳನ್ನು ಹೋಲಿಸಿ ನೋಡಿದರು. ಅನುಕೂಲಸ್ಥರ ಮಕ್ಕಳು ಓದನ್ನೂ ಮದುವೆಯನ್ನೂ ಮುಂದೂಡುತ್ತಿದ್ದರು. ಬಡವರ ಮಕ್ಕಳು ಹಳೆಯ ವೇಗದಲ್ಲೇ ಕೆಲಸಕ್ಕೂ ತಾಯ್ತನಕ್ಕೂ ಹೋಗುತ್ತಿದ್ದರು. ಅಂದರೆ ಅದು ಎಲ್ಲರೂ ಹಾಯುವ ಹಂತವಾಗಿರಲಿಲ್ಲ, ಇಬ್ಬರ ನಡುವೆ ಹಿಗ್ಗುತ್ತಿದ್ದ ಅಂತರವಾಗಿತ್ತು. ಕೆನಡಾದ ಜೇಮ್ಸ್ ಕೋಟೆ ಇನ್ನೂ ಕಟುವಾಗಿ, ಒಳ್ಳೆಯ ಕೆಲಸಗಳು ಇಲ್ಲವಾದದ್ದರಿಂದ ಬಂದ ತಡವನ್ನು ‘ಹುಡುಕಾಟ’ ಎಂದು ಕರೆದರೆ ಆರ್ಥಿಕತೆಯ ದೋಷ ಯುವಜನರ ಮನೋಧರ್ಮವಾಗಿ ತೋರುತ್ತದೆ ಎಂದರು. ಈ ಎರಡನೆಯ ಮಾತು ಭಾರತದ ಮಟ್ಟಿಗೆ ಬಹಳ ಮುಖ್ಯ. ತಡ ಎಂಬುದು ಒಂದೇ ಸಂಖ್ಯೆಯಾಗಿ ಕಂಡರೂ ಅದರೊಳಗೆ ಆಯ್ದುಕೊಂಡ ತಡ, ಮೇಲೆ ಬಿದ್ದ ತಡ ಎರಡೂ ಬೆರೆತಿರುತ್ತವೆ. ಅವನ್ನು ಬಿಡಿಸಿ ನೋಡದಿದ್ದರೆ ಈ ಹಂತದ ಬಗ್ಗೆ ಹೇಳಿದ ಯಾವ ಮಾತೂ ನಿಲ್ಲುವುದಿಲ್ಲ.

ಸಂಖ್ಯೆಯಲ್ಲಂತೂ ಭಾರತದ ತಡ ಸ್ಪಷ್ಟವಾಗಿದೆ. ಕೇಂದ್ರ ಅಂಕಿಅಂಶ ಸಚಿವಾಲಯದ 2022ರ ವರದಿಯ ಪ್ರಕಾರ 15ರಿಂದ 29ರ ವಯಸ್ಸಿನವರಲ್ಲಿ ಮದುವೆಯಾಗದವರ ಪಾಲು 2011ರಲ್ಲಿ ಶೇ 17.2 ಇದ್ದದ್ದು 2019ರಲ್ಲಿ ಶೇ 23ಕ್ಕೆ ಏರಿತ್ತು. ಹದಿನೆಂಟಕ್ಕೆ ಮೊದಲೇ ಮದುವೆಯಾದವರ ಪ್ರಮಾಣ ಇಳಿಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24ರ ಹೆಣ್ಣುಮಕ್ಕಳ ಪೈಕಿ ಹೀಗೆ ಬೇಗ ಮದುವೆಯಾದವರು 2005–06ರಲ್ಲಿ ಶೇ 47 ಇದ್ದರು. 2019–21ರಲ್ಲಿ ಶೇ 23 ಇದ್ದರು. ಕರ್ನಾಟಕದ ಅಂಕಿ ಆ ಕೊನೆಯ ಸಮೀಕ್ಷೆಯಲ್ಲಿ ಶೇ 21ರ ಆಸುಪಾಸು. ಅಂದರೆ ರಾಜ್ಯದಲ್ಲಿ ಐವರಲ್ಲಿ ಒಬ್ಬ ಹೆಣ್ಣುಮಗಳಿಗೆ ಈ ನಡುವಣ ಹಂತ ಇಲ್ಲವೇ ಇಲ್ಲ. ಹದಿಹರೆಯದಿಂದ ಅವಳು ನೇರ ಗಂಡನ ಮನೆಗೆ ಹೋಗುತ್ತಾಳೆ.

ಉಳಿದ ನಾಲ್ವರಿಗೂ ಈ ಹಂತ ಸಿಕ್ಕ ಬಗೆ ಗಂಡುಮಕ್ಕಳಿಗಿಂತ ಬೇರೆ. ಹೆಣ್ಣುಮಕ್ಕಳ ಮದುವೆ ಮುಂದಕ್ಕೆ ಹೋಗಲು ಮನೆಯಲ್ಲಿ ಒಪ್ಪುವ ಕಾರಣ ಒಂದೇ, ಓದು. ಓದು ನಡೆಯುತ್ತಿದೆ ಎಂಬಷ್ಟು ದಿನ ಗಂಡು ನೋಡುವುದನ್ನು ತಡೆಯಬಹುದು. ಓದು ಮುಗಿದ ದಿನದಿಂದ ಗಡಿಯಾರ ಶುರು. ಬಿ.ಎ. ಆದ ಮೇಲೆ ಬಿ.ಇಡಿ., ಬಿ.ಇಡಿ. ಆದ ಮೇಲೆ ಎಂ.ಎ. ಎಂದು ಕೋರ್ಸುಗಳು ಸೇರುತ್ತ ಹೋಗುವುದರ ಹಿಂದೆ ವಿಷಯದ ಆಸಕ್ತಿಯಷ್ಟೇ ಅಲ್ಲ, ಈ ಲೆಕ್ಕವೂ ಇರುತ್ತದೆ. ಹೀಗಾಗಿ ಹೆಣ್ಣುಮಕ್ಕಳ ಈ ವರ್ಷಗಳು ಅವರ ಕೈಯಲ್ಲಿರುವುದು ಭಾಗಶಃ ಮಾತ್ರ. ಒಂದು ವರ್ಷ ಸುಮ್ಮನಿದ್ದು ಯೋಚಿಸುವುದು, ಒಂದು ಕೆಲಸ ಬಿಟ್ಟು ಇನ್ನೊಂದನ್ನು ನೋಡುವುದು, ಆರ್ನೆಟ್ ಹೇಳುವ ಅಸ್ಥಿರತೆಯ ಸ್ವಾತಂತ್ರ್ಯ ಅವರಿಗೆ ದುಬಾರಿ. ಸುಮ್ಮನಿರುವ ವರ್ಷವೇ ಮದುವೆಯ ವರ್ಷ ಆಗಿಬಿಡುತ್ತದೆ. ಇದನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಹೀಗೆ ಷರತ್ತಿನ ಮೇಲೆ ಸಿಕ್ಕ ವರ್ಷಗಳೇ ಎಷ್ಟೋ ಹೆಣ್ಣುಮಕ್ಕಳಿಗೆ ಊರಿನಾಚೆಯ ಹಾಸ್ಟೆಲ್ಲು, ಸ್ವಂತ ಬ್ಯಾಂಕ್ ಖಾತೆ, ಸ್ವಂತ ಗೆಳತಿಯರ ಬಳಗ ಕೊಟ್ಟಿವೆ. ಅವರ ತಾಯಂದಿರಿಗೆ ಇವು ಯಾವುವೂ ಇರಲಿಲ್ಲ.

ಗಂಡುಮಕ್ಕಳಲ್ಲಿ, ಈಚೆಗೆ ಹೆಣ್ಣುಮಕ್ಕಳಲ್ಲೂ, ಈ ಹಂತ ಅತಿ ಗಾಢವಾಗಿ ಕಾಣುವ ಜಾಗ ಸ್ಪರ್ಧಾತ್ಮಕ ಪರೀಕ್ಷೆಯ ಊರುಗಳು. ಕರ್ನಾಟಕದಲ್ಲಿ ಅಂಥ ಎರಡು ನೆಲೆಗಳು ಎಲ್ಲರಿಗೂ ಗೊತ್ತು: ಬೆಂಗಳೂರಿನ ವಿಜಯನಗರ, ಧಾರವಾಡದ ಸಪ್ತಾಪುರ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಪದವಿ ಮುಗಿಸಿದವರು ಧಾರವಾಡಕ್ಕೆ ಬಂದು ಮೂರು ನಾಲ್ಕು ಜನ ಸೇರಿ ರೂಮು ಮಾಡುತ್ತಾರೆ, ಮೆಸ್ಸಿಗೆ ತಿಂಗಳ ಹಣ ಕಟ್ಟುತ್ತಾರೆ, ದಿನವಿಡೀ ಕೂರಲು ಖಾಸಗಿ ಲೈಬ್ರರಿಯಲ್ಲಿ ಒಂದು ಕುರ್ಚಿ ಹಿಡಿಯುತ್ತಾರೆ. ಗುರಿ ಒಂದೇ ಹುದ್ದೆಯದಲ್ಲ. ಕೆ.ಎ.ಎಸ್.ಗೆ ಓದುವವರೇ ಪಿ.ಎಸ್.ಐ., ಎಫ್.ಡಿ.ಎ., ಎಸ್.ಡಿ.ಎ., ಪಿ.ಡಿ.ಒ., ಗ್ರಾಮ ಆಡಳಿತ ಅಧಿಕಾರಿ ಹೀಗೆ ಯಾವುದಕ್ಕೆ ಕಾಲ್‌ಫಾರ್ ಆದರೂ ಅರ್ಜಿ ಹಾಕುತ್ತಾರೆ. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಐದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಖರ್ಚು ಬರುವುದು ಊರಿನಿಂದ: ಹೊಲದ ಬೆಳೆ, ಅಣ್ಣನ ದುಡಿಮೆ, ಅವ್ವನ ಸಂಘದ ಸಾಲ.

ಈ ಬದುಕಿನಲ್ಲಿ ವರ್ಷಗಳು ಹೇಗೆ ಕಳೆಯುತ್ತವೆ ಎಂಬುದನ್ನು ಇತ್ತೀಚಿನ ನೇಮಕಾತಿಗಳ ದಿನಾಂಕಗಳನ್ನೇ ಹಿಡಿದು ನೋಡಬಹುದು. 1999ರಲ್ಲಿ ಹುಟ್ಟಿ 2020ರಲ್ಲಿ ಪದವಿ ಮುಗಿಸಿದ ಗದಗ ಜಿಲ್ಲೆಯ ಒಬ್ಬ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳೋಣ. 106 ಕೆ.ಎ.ಎಸ್. ಹುದ್ದೆಗಳ ಅಧಿಸೂಚನೆ ಆ ವರ್ಷದ ಜನವರಿಯಲ್ಲೇ ಬಂದಿತ್ತು. ಆಗ ಪದವಿ ಕೈಗೆ ಬಂದಿರಲಿಲ್ಲ, ಓದಿಕೊಂಡಿರಲೂ ಇಲ್ಲ, ಅದು ತಪ್ಪಿತು. ಧಾರವಾಡಕ್ಕೆ ಬಂದು ಒಂದು ವರ್ಷ ಓದಿ 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆ ಬರೆದಾಗ ವಯಸ್ಸು 22. ಸುಮಾರು 54 ಸಾವಿರ ಜನ ಆ ಪರೀಕ್ಷೆ ಬರೆದಿದ್ದರು. ಕೆಲವರ ಓ.ಎಂ.ಆರ್. ಹಾಳೆಗಳನ್ನು ತಿದ್ದಿದ್ದು ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನು ರದ್ದು ಮಾಡಿತು. ಮರುಪರೀಕ್ಷೆ ಬೇಕೋ ಬೇಡವೋ ಎಂಬುದು ಹೈಕೋರ್ಟಿನಲ್ಲಿ ನಡೆದು, ಕೊನೆಗೆ ಪರೀಕ್ಷೆ ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ಒಂದೇ ಹುದ್ದೆಯ ಒಂದೇ ಪರೀಕ್ಷೆಗೆ ಎರಡು ವರ್ಷ ಮೂರು ತಿಂಗಳು.

ಅಷ್ಟರಲ್ಲಿ, 2024ರ ಫೆಬ್ರವರಿಯಲ್ಲಿ, ನಾಲ್ಕು ವರ್ಷಗಳ ನಂತರ 384 ಕೆ.ಎ.ಎಸ್. ಹುದ್ದೆಗಳ ಅಧಿಸೂಚನೆ ಬಂತು. ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ಕ್ಕೆ ನಡೆಯಿತು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಕನ್ನಡದಲ್ಲಿ ಬರೆದವರಿಗೆ ಪ್ರಶ್ನೆಯೇ ಅರ್ಥವಾಗದಂಥ ಕಡೆಗಳಿದ್ದವು. ರಾಜ್ಯವ್ಯಾಪಿ ವಿರೋಧದ ನಂತರ ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಅದರಲ್ಲೂ ತಪ್ಪುಗಳಿದ್ದವೆಂದು ಮತ್ತೆ ಚಳವಳಿ ನಡೆಯಿತು. ಈ ನಡುವೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಧಾರವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳು ಬೇಡವೆಂದು 2024ರ ಅಕ್ಟೋಬರ್ ಕೊನೆಯಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ಬಹುಕಾಲದ ನ್ಯಾಯದ ಬೇಡಿಕೆ; ಅದಕ್ಕಾಗಿ ಕಾಯ್ದದ್ದು ಸರಿಯೇ ಇರಬಹುದು. ಸಂಪುಟ ಅದನ್ನು ತೀರ್ಮಾನಿಸಿದ್ದು 2025ರ ಆಗಸ್ಟ್‌ನಲ್ಲಿ. ಅಭ್ಯರ್ಥಿಗೆ ಆಗ 26. ಪದವಿ ಮುಗಿದು ಐದು ವರ್ಷ, ಬರೆದ ದೊಡ್ಡ ಪರೀಕ್ಷೆಗಳು ಎರಡು, ಎರಡನ್ನೂ ಎರಡೆರಡು ಸಲ ಬರೆದದ್ದು. ಸೋಮಾರಿತನ, ಅಸಾಮರ್ಥ್ಯ ಎಂಬ ಪದಗಳು ಈ ಲೆಕ್ಕದಲ್ಲಿ ಎಲ್ಲೂ ಬೇಕಾಗಲಿಲ್ಲ ಎಂಬುದು ಮುಖ್ಯ.

ಆಯ್ಕೆಯಾದವರ ಪಾಡೂ ಯಾವಾಗಲೂ ಸುಗಮವಲ್ಲ. 2011ರಲ್ಲಿ ಅಧಿಸೂಚನೆಯಾದ 362 ಕೆ.ಎ.ಎಸ್. ಹುದ್ದೆಗಳ ಆಯ್ಕೆಯನ್ನು ಅಕ್ರಮದ ಆರೋಪದ ಮೇಲೆ ಸರ್ಕಾರ 2014ರಲ್ಲಿ ಕೈಬಿಟ್ಟಿತು. ನ್ಯಾಯಮಂಡಳಿ ಒಂದು ಹೇಳಿತು, ಹೈಕೋರ್ಟ್ ಇನ್ನೊಂದು ಹೇಳಿತು, ಕೊನೆಗೆ ಆ ಆಯ್ಕೆಯನ್ನು ಊರ್ಜಿತಗೊಳಿಸಲು ವಿಧಾನಮಂಡಲ 2022ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. 25ಕ್ಕೆ ಅರ್ಜಿ ಹಾಕಿದವರು ಆಗ 36 ಮುಟ್ಟಿದ್ದರು.

ಇಷ್ಟು ಅನಿಶ್ಚಿತತೆ ಇದ್ದರೂ ಯಾಕೆ ಬಿಟ್ಟು ಬರುವುದಿಲ್ಲ? ಈ ಪ್ರಶ್ನೆಗೆ ಅತ್ಯಂತ ಉಪಯುಕ್ತ ಉತ್ತರ ತಮಿಳುನಾಡಿನಿಂದ ಬಂದಿದೆ. ಅಲ್ಲಿನ ಸರ್ಕಾರ 2001ರಿಂದ 2006ರವರೆಗೆ ಹೆಚ್ಚಿನ ನೇಮಕಾತಿಗಳನ್ನು ನಿಲ್ಲಿಸಿತ್ತು. ಅರ್ಥಶಾಸ್ತ್ರಜ್ಞ ಕುನಾಲ್ ಮಂಗಲ್ ಆ ವರ್ಷಗಳಲ್ಲಿ ಪದವಿ ಮುಗಿಸಿದವರು ಏನಾದರು ಎಂದು ಅಧ್ಯಯನ ಮಾಡಿದರು. ಹುದ್ದೆಗಳು ಕಡಿಮೆಯಾದಾಗ ಜನ ಬೇರೆ ದಾರಿ ಹಿಡಿಯುತ್ತಾರೆ ಎಂಬುದು ಸಾಮಾನ್ಯ ನಿರೀಕ್ಷೆ. ಆದದ್ದು ಅದರ ತದ್ವಿರುದ್ಧ: ಅಭ್ಯರ್ಥಿಗಳು ಇನ್ನೂ ಹೆಚ್ಚು ಕಾಲ ಕೆಲಸವಿಲ್ಲದೆ ಓದುತ್ತ ಕೂತರು. ನೇಮಕಾತಿ ಮತ್ತೆ ಶುರುವಾಗಿ ಹತ್ತು ವರ್ಷ ಕಳೆದ ಮೇಲೂ ಆ ತಂಡದವರ ಗಳಿಕೆ ಉಳಿದವರಿಗಿಂತ ಕಡಿಮೆಯೇ ಇತ್ತು. ಓದಿದ್ದು ವ್ಯರ್ಥವಾಗುವುದಿಲ್ಲ, ಇನ್ನೆಲ್ಲಾದರೂ ಉಪಯೋಗಕ್ಕೆ ಬರುತ್ತದೆ ಎಂಬ ಸಮಾಧಾನವನ್ನು ಈ ಫಲಿತಾಂಶ ಉಳಿಸುವುದಿಲ್ಲ. ಪರೀಕ್ಷೆಗಾಗಿ ಕಂಠಪಾಠ ಮಾಡಿದ ಪ್ರಚಲಿತ ಘಟನೆಗಳಿಗೂ ಸಂವಿಧಾನದ ವಿಧಿಗಳ ಸಂಖ್ಯೆಗಳಿಗೂ ಖಾಸಗಿ ಮಾಲೀಕರು ಬೆಲೆ ಕಟ್ಟುವುದಿಲ್ಲ.

ಇದರ ಹಿಂದಿನ ತರ್ಕ ಪರೀಕ್ಷೆಯ ರಚನೆಯಲ್ಲೇ ಇದೆ. ಕಟ್‌ಆಫ್‌ಗಿಂತ ಒಂದು ಅಂಕ ಮೇಲಿದ್ದವನಿಗೆ ಇಡೀ ಬದುಕಿನ ಭದ್ರತೆ, ಒಂದು ಅಂಕ ಕೆಳಗಿದ್ದವನಿಗೆ ಏನೂ ಇಲ್ಲ. ಇಂಥ ಕಡೆ ಅರ್ಧ ದಿನ ಕೆಲಸ ಮಾಡಿ ಅರ್ಧ ದಿನ ಓದುವುದು ಲಾಭದ ದಾರಿಯಲ್ಲ. ಪೂರ್ಣಾವಧಿ ಓದುವವರೇ ಗೆಲ್ಲುತ್ತಾರೆಂದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಪೂರ್ಣಾವಧಿ ಓದುತ್ತಾರೆ. ಜೊತೆಗೆ, ಪ್ರತಿ ಸಲ ಸ್ವಲ್ಪದರಲ್ಲೇ ತಪ್ಪಿತು ಎಂಬ ಅನುಭವ ಮುಂದಿನ ಸಲ ಖಂಡಿತ ಆಗುತ್ತದೆ ಎಂಬ ನಂಬಿಕೆಯಾಗಿ ತಿರುಗುತ್ತದೆ. ಎರಡು ಅಂಕದಲ್ಲಿ ತಪ್ಪಿಸಿಕೊಂಡವನಿಗೆ ತನ್ನ ಮುಂದೆ ಎಷ್ಟು ಸಾವಿರ ಜನ ಅದೇ ಎರಡು ಅಂಕದೊಳಗೆ ಇದ್ದಾರೆಂಬುದು ಕಾಣುವುದಿಲ್ಲ. ಆರ್ನೆಟ್ ಹೇಳಿದ ಐದನೆಯ ಗುರುತು, ಮುಂದೆ ಎಲ್ಲವೂ ಒಳ್ಳೆಯದಾಗುತ್ತದೆ ಎಂಬ ಆಸೆ, ಸಪ್ತಾಪುರದಲ್ಲೂ ಇದೆ. ಅಲ್ಲಿ ಅದು ಹೊಸ ದಾರಿ ಹುಡುಕಿಸುವುದಿಲ್ಲ, ಇದ್ದ ದಾರಿಯಲ್ಲೇ ಇನ್ನೊಂದು ವರ್ಷ ಕೂರಿಸುತ್ತದೆ.

ಹೀಗೆ ಕೂತ ಯುವಕರನ್ನು ಭೂಗೋಳಶಾಸ್ತ್ರಜ್ಞ ಕ್ರೇಗ್ ಜೆಫ್ರಿ ಉತ್ತರ ಪ್ರದೇಶದ ಮೀರತ್‌ನಲ್ಲಿ ಹತ್ತಿರದಿಂದ ಕಂಡು ‘ಟೈಮ್‌ಪಾಸ್’ ಎಂಬ ಪುಸ್ತಕವನ್ನು 2010ರಲ್ಲಿ ಪ್ರಕಟಿಸಿದರು. ಅವರು ಬರೆದದ್ದು ಹೆಚ್ಚಾಗಿ ಜಾಟ್ ರೈತ ಕುಟುಂಬಗಳಿಂದ ಬಂದು ಪದವಿಯ ಮೇಲೆ ಪದವಿ ಮಾಡುತ್ತಿದ್ದ ವಿದ್ಯಾರ್ಥಿಗಳ ಬಗ್ಗೆ. ಜಮೀನು ಇದ್ದದ್ದರಿಂದ ಅವರಿಗೆ ಕಾಯಲು ಸಾಧ್ಯವಿತ್ತು. ಜಮೀನಿನಲ್ಲಿ ಭವಿಷ್ಯ ಕಾಣದ್ದರಿಂದ ಕಾಯಬೇಕಾಗಿತ್ತು. ಕಾಯುವುದಕ್ಕೂ ಬಂಡವಾಳ ಬೇಕೆಂಬ ಈ ಮಾತು ರಾಷ್ಟ್ರಮಟ್ಟದ ಅಂಕಿಗಳಲ್ಲೂ ಕಾಣುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸಹಭಾಗಿಯಾಗಿದ್ದ 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವೀಧರ ಯುವಜನರಲ್ಲಿ ನಿರುದ್ಯೋಗಿಗಳು ಶೇ 29ರಷ್ಟಿದ್ದರು. ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಅಕ್ಷರ ಕಲಿಯದವನಿಗೆ ಹೆಚ್ಚು ಕೆಲಸ ಸಿಗುತ್ತದೆಂದು ಇದರ ಅರ್ಥವಲ್ಲ. ಅವನಿಗೆ ಒಂದು ವಾರವೂ ಕೆಲಸವಿಲ್ಲದೆ ಇರಲಾಗದು. ಸಿಕ್ಕ ಕೂಲಿಗೆ ಹೋಗುತ್ತಾನೆ, ಆ ಕ್ಷಣದಿಂದ ಲೆಕ್ಕದಲ್ಲಿ ಉದ್ಯೋಗಿ. ಬಿನ್ನರ್ ಬ್ರಿಟನ್ನಿನಲ್ಲಿ ಕಂಡ ಸೀಳು ಇಲ್ಲಿ ಇನ್ನೂ ಆಳವಾಗಿದೆ. ಈಜಿಪ್ಟಿನಲ್ಲಿ ಮದುವೆಯ ಖರ್ಚು, ಮನೆಯ ಖರ್ಚು ಹೊಂದಿಸಲಾಗದೆ ಯುವಕರು ವರ್ಷಗಟ್ಟಲೆ ಒಂಟಿಯಾಗಿ ಉಳಿಯುವುದನ್ನು ಕಂಡ ಡಯೇನ್ ಸಿಂಗರ್‌ಮನ್ ಈ ಸ್ಥಿತಿಗೆ ‘ವೇಟ್‌ಹುಡ್’ ಎಂದು ಹೆಸರಿಟ್ಟರು. ಭಾರತದ ಪರೀಕ್ಷಾರ್ಥಿಗಳಿಗೆ ಆರ್ನೆಟ್ ಅವರ ಹೆಸರಿಗಿಂತ ಇದೇ ಹೆಚ್ಚು ಒಪ್ಪುತ್ತದೆ.

ಖಾಸಗಿ ಕೆಲಸ ಹಿಡಿದವರ ಮೊದಲ ವರ್ಷಗಳು ಬೇರೆ ರೀತಿಯಲ್ಲಿ ಅಲುಗಾಡುತ್ತವೆ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸ ಎಂಜಿನಿಯರ್‌ಗಳಿಗೆ ಕೊಡುವ ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆರಂಭಿಕ ವೇತನ ಒಂದು ದಶಕಕ್ಕೂ ಹೆಚ್ಚು ಕಾಲ ಹೆಚ್ಚೂಕಡಿಮೆ ಅಲ್ಲೇ ನಿಂತಿದೆ. ಬಾಡಿಗೆ ನಿಂತಿಲ್ಲ. 2022ರಲ್ಲಿ ಕ್ಯಾಂಪಸ್ಸಿನಲ್ಲಿ ಆಯ್ಕೆಯಾದ ಕೆಲವರು ಸೇರುವ ದಿನಾಂಕಕ್ಕಾಗಿ ಒಂದೂವರೆ, ಎರಡು ವರ್ಷ ಕಾಯ್ದರು. ಆದರೂ ಇಲ್ಲಿ ಒಂದು ವ್ಯತ್ಯಾಸವಿದೆ. ಕೆಲಸ ಬಿಟ್ಟು ಕೆಲಸ ಹಿಡಿದವನ ಬಳಿ ಎರಡು ವರ್ಷದ ಕೊನೆಗೆ ಎರಡು ವರ್ಷದ ಅನುಭವ ಉಳಿಯುತ್ತದೆ, ಮುಂದಿನ ಸಂಬಳ ಅದರ ಮೇಲೆ ನಿಲ್ಲುತ್ತದೆ. ನಡುವಣ ಹಂತದ ಒಂದು ತಡ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗುವುದು ಕಷ್ಟ: ಕಳೆದ ವರ್ಷದಿಂದ ಏನಾದರೂ ಕೈಯಲ್ಲಿ ಉಳಿಯಿತೇ, ಅದನ್ನು ಇಟ್ಟುಕೊಂಡು ಬೇರೆ ಕಡೆ ಹೋಗಬಹುದೇ? ಮದುವೆಯಾಗದೆ ಎಂ.ಟೆಕ್. ಮಾಡುತ್ತಿರುವ 26ರ ಹುಡುಗಿಗೂ, ಮದುವೆಯಾಗದೆ ನಾಲ್ಕನೆಯ ಸಲ ಎಫ್.ಡಿ.ಎ. ಬರೆಯುತ್ತಿರುವ 26ರ ಹುಡುಗನಿಗೂ ಜನಗಣತಿಯ ಹಾಳೆಯಲ್ಲಿ ಒಂದೇ ಸಾಲು. ಈ ಒರೆಗಲ್ಲಿನ ಮೇಲೆ ಇಬ್ಬರೂ ಬೇರೆ ಬೇರೆ ಲೋಕದವರು.

ಮೇಲೆ ಬಿದ್ದ ತಡದ ಇನ್ನೊಂದು ಮುಖ ಹಳ್ಳಿಯಲ್ಲಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮೂವತ್ತು ದಾಟಿದ ಅವಿವಾಹಿತ ರೈತರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನೀರಾವರಿ ಜಮೀನು, ಸ್ವಂತ ಮನೆ, ಕಬ್ಬಿನ ಆದಾಯ ಇದ್ದವರೂ ಅವರಲ್ಲಿದ್ದರು. ಅವರಿಗೆ ಓದಿನ ತಡವೂ ಇರಲಿಲ್ಲ, ಕೆಲಸದ ತಡವೂ ಇರಲಿಲ್ಲ. ಹೆಣ್ಣುಮಕ್ಕಳು ಓದಿ ಬೇಸಾಯದ ಮನೆ ಬೇಡವೆನ್ನುತ್ತಿದ್ದಾರೆ. ಅವರಿಗೆ ಆ ಹಕ್ಕಿದೆ. ಇದರ ಜೊತೆಗೆ, ಈ ಗಂಡಸರ ಜೊತೆಗೇ ಹುಟ್ಟಬೇಕಿದ್ದ ಎಷ್ಟೋ ಹೆಣ್ಣುಮಕ್ಕಳು ಹುಟ್ಟಲೇ ಇಲ್ಲ. ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಅದೇ ವರ್ಷದ ಕೊನೆಗೆ ಬೆಳಕಿಗೆ ಬಂತು. ಮದುವೆಯೇ ಪೂರ್ಣ ಗಂಡಸಾಗುವ ಗುರುತೆಂದು ನಂಬಿದ ಊರಿನಲ್ಲಿ 35ರವರೆಗೆ ಒಂಟಿಯಾಗಿ ಉಳಿದವನ ಸ್ಥಿತಿಯನ್ನು ವಿವರಿಸಲು ಆರ್ನೆಟ್ ಅವರ ಐದು ಗುರುತುಗಳು ಸಾಲುವುದಿಲ್ಲ. ಅವನಿಗೆ ಹೊಣೆ ಇದೆ, ಗಳಿಕೆ ಇದೆ, ನಿರ್ಧಾರವೂ ಅವನದೇ. ವಯಸ್ಕನ ಸ್ಥಾನ ಮಾತ್ರ ಸಿಕ್ಕಿಲ್ಲ.

ಈ ಬಗೆಬಗೆಯ ತಡಗಳನ್ನು ಸರ್ಕಾರಿ ಅಂಕಿಗಳು ಹಿಡಿಯುವುದೂ ಕಷ್ಟ. ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಕೆಲಸ ಮಾಡುತ್ತಿರುವವರು ಅಥವಾ ಕೆಲಸಕ್ಕೆ ಸಿದ್ಧರಾಗಿ ಹುಡುಕುತ್ತಿರುವವರು ಮಾತ್ರ ಕಾರ್ಮಿಕ ಬಲದೊಳಗೆ ಬರುತ್ತಾರೆ. ಪರೀಕ್ಷೆಗೆ ಓದುತ್ತ ಸದ್ಯಕ್ಕೆ ಬೇರೆ ಕೆಲಸಕ್ಕೆ ಬರುವುದಿಲ್ಲ ಎನ್ನುವವನು ಅದರ ಹೊರಗೆ. ಎರಡನೆಯ ಎಂ.ಎ.ಗೆ ಹೆಸರು ಹಚ್ಚಿ ಹಾಸ್ಟೆಲ್ ಉಳಿಸಿಕೊಂಡವನು ವಿದ್ಯಾರ್ಥಿ. ಮನೆಯಲ್ಲಿ ಕೂತು ಓದುವ ಹುಡುಗಿ ಮನೆವಾರ್ತೆ ನೋಡಿಕೊಳ್ಳುವವಳೆಂದೇ ದಾಖಲಾಗಬಹುದು. 15–29ರ ವಯಸ್ಸಿನ ನಿರುದ್ಯೋಗ ಪ್ರಮಾಣ 2017–18ರಲ್ಲಿ ಶೇ 17.8 ಇದ್ದದ್ದು 2023–24ರಲ್ಲಿ ಶೇ 10.2ಕ್ಕೆ ಇಳಿದಿದೆ ಎಂದಾಗ ಕಾಯುತ್ತಿರುವವರ ಸಂಖ್ಯೆಯೂ ಅಷ್ಟೇ ಇಳಿಯಿತೆಂದು ತಿಳಿಯುವಂತಿಲ್ಲ. ‘ಯುವ’ ಎಂಬುದರ ಗಡಿಯೂ ಸ್ಥಿರವಾಗಿಲ್ಲ. 2003ರ ರಾಷ್ಟ್ರೀಯ ಯುವ ನೀತಿ 13ರಿಂದ 35ರವರನ್ನು ಯುವಜನ ಎಂದಿತ್ತು, 2014ರ ನೀತಿ 15ರಿಂದ 29ಕ್ಕೆ ಇಳಿಸಿತು. ಆದರೆ ಕರ್ನಾಟಕ ಲೋಕಸೇವಾ ಆಯೋಗದ ನೇಮಕಾತಿಗಳಲ್ಲಿ ಸಾಮಾನ್ಯ ವರ್ಗಕ್ಕೆ 35, ಇತರ ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ ಒಂದಕ್ಕೆ 40 ಮಾಮೂಲಿ ಗರಿಷ್ಠ ವಯಸ್ಸು. ಪರೀಕ್ಷಾರ್ಥಿಯ ಮಟ್ಟಿಗೆ ಹರೆಯ ಮುಗಿಯುವುದು ಯುವ ನೀತಿಯ ಪ್ರಕಾರವಲ್ಲ, ಏಜ್ ಬಾರ್ ಆದ ದಿನ.

ಈ ಹಂತವನ್ನು ಸರ್ಕಾರ ನೇರವಾಗಿ ಗುರುತಿಸಿದ ಒಂದು ಯೋಜನೆ ಕರ್ನಾಟಕದ ಯುವನಿಧಿ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಮೊದಲ ಕಂತು ಬಿಡುಗಡೆಯಾಯಿತು. ಈ ಹಣ ಧಾರವಾಡದ ರೂಮಿನ ಬಾಡಿಗೆಯ ಒಂದು ಪಾಲಿಗಾಯಿತು ಎಂದರೂ ಸಣ್ಣದಲ್ಲ; ಮನೆಗೆ ಫೋನ್ ಮಾಡಿ ಕೇಳುವ ಸಂಕೋಚ ಅಷ್ಟು ಕಡಿಮೆಯಾಗುತ್ತದೆ. ಆದರೆ ಕಾಯುವಿಕೆಯ ಮೂಲವನ್ನು ಇದು ಮುಟ್ಟುವುದಿಲ್ಲ. ನೇಮಕಾತಿ ತಡವಾದಾಗಲೆಲ್ಲ ಅಭ್ಯರ್ಥಿಗಳು ವಯೋಮಿತಿ ಸಡಿಲಿಕೆ ಕೇಳುತ್ತಾರೆ, ಸರ್ಕಾರ ಎಷ್ಟೋ ಸಲ ಒಪ್ಪುತ್ತದೆ. ಸರ್ಕಾರದ ತಪ್ಪಿನಿಂದ ಕಳೆದ ವರ್ಷಗಳಿಗೆ ಇದು ನ್ಯಾಯವಾದ ಪರಿಹಾರವೇ. ತಮಿಳುನಾಡಿನ ಅಧ್ಯಯನವನ್ನು ಓದಿದ ಮೇಲೆ ಮಾತ್ರ ಇದರ ಇನ್ನೊಂದು ಪರಿಣಾಮವನ್ನು ಮರೆಯಲಾಗದು: ಮೂರು ವರ್ಷದ ಸಡಿಲಿಕೆ ಎಂದರೆ, ಆಯ್ಕೆಯಾಗದೆ ಉಳಿಯಲಿರುವ ಬಹುಸಂಖ್ಯೆಯ ಅಭ್ಯರ್ಥಿಗಳಿಗೆ ಇನ್ನೂ ಮೂರು ವರ್ಷ ರೂಮಿನಲ್ಲೇ ಇರುವ ಕಾರಣ.

ಕೇಂದ್ರ ಲೋಕಸೇವಾ ಆಯೋಗ ಪ್ರತಿ ವರ್ಷ ಮುಂಚಿತವಾಗಿ ಪರೀಕ್ಷಾ ವೇಳಾಪಟ್ಟಿ ಪ್ರಕಟಿಸಿ ಬಹುಮಟ್ಟಿಗೆ ಅದರಂತೆ ನಡೆಯುತ್ತದೆ. ಅದರ ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯ ವರ್ಗದವರಿಗೆ ಆರು ಸಲ ಮಾತ್ರ ಬರೆಯುವ ಅವಕಾಶ. ಅಲ್ಲೂ ಕಾಯುವವರು ಲಕ್ಷಗಟ್ಟಲೆ ಇದ್ದಾರೆ. ಆದರೆ ಆ ಅಭ್ಯರ್ಥಿಗೆ ತನ್ನ ಕೊನೆಯ ಪ್ರಯತ್ನ ಯಾವ ವರ್ಷ ಬರುತ್ತದೆಂದು ಲೆಕ್ಕ ಹಾಕಿಕೊಳ್ಳಬಹುದು, ಮನೆಯವರಿಗೂ ಹೇಳಬಹುದು, ಅದರಾಚೆಗೆ ಬೇರೊಂದು ಯೋಚನೆ ಇಟ್ಟುಕೊಳ್ಳಬಹುದು. ರಾಜ್ಯದ ಪರೀಕ್ಷೆ ಬರೆಯುವವನಿಗೆ ಈ ಲೆಕ್ಕ ಸಾಧ್ಯವಿಲ್ಲ, ಏಕೆಂದರೆ ಮುಂದಿನ ಅಧಿಸೂಚನೆ ಆರು ತಿಂಗಳಿಗೆ ಬರಬಹುದು, ನಾಲ್ಕು ವರ್ಷಕ್ಕೂ ಬರಬಹುದು. ಪ್ರತಿ ಪರೀಕ್ಷೆಯ ನಂತರ ಪಡೆದ ಅಂಕದ ಜೊತೆಗೆ, ಅಷ್ಟೇ ಅಂಕ ಪಡೆದವರು ಹಿಂದಿನ ನೇಮಕಾತಿಗಳಲ್ಲಿ ಎಷ್ಟು ಮಂದಿ ಮುಂದೆ ಆಯ್ಕೆಯಾದರು ಎಂಬುದನ್ನೂ ತಿಳಿಸಿದರೆ ಸ್ವಲ್ಪದರಲ್ಲೇ ತಪ್ಪಿತು ಎಂಬ ಭ್ರಮೆ ಕರಗೀತು. ಆಯೋಗದ ಬಳಿ ಆ ದತ್ತಾಂಶ ಇದ್ದೇ ಇದೆ. 26ರಲ್ಲಿ ಇದು ತಿಳಿದವನಿಗೆ ಬಿ.ಇಡಿ. ಮಾಡಲು, ಅಂಗಡಿ ಹಾಕಲು, ಕಂಪನಿ ಸೇರಲು, ಮದುವೆಯಾಗಲು ಇನ್ನೂ ವಯಸ್ಸಿರುತ್ತದೆ; 38ರಲ್ಲಿ ತಿಳಿದವನಿಗೆ ಇವುಗಳಲ್ಲಿ ಹೆಚ್ಚಿನವು ಮುಗಿದುಹೋಗಿರುತ್ತವೆ.